ಬರಹಗಾರರಿಗೆ ಸಲಹೆ: ಬಿಳಿ ಗೋಡೆಗೆ ಅಂಕ ಹೆಚ್ಚಾದದ್ದೇಕೆ?

“ಮಾನ್ಯ ಸಂಪಾದಕರೇ, ಕಾಸರಗೋಡಿನ ಬಸ್ಸುಗಳ ಬೋರ್ಡಿನ ಫೋಟೋಗಳಲ್ಲಿ ‘ಕಾ’ ಅಕ್ಷರವನ್ನು ಕಂಪ್ಯೂಟರಿನಿಂದ ಹುಡುಕಿಸಿದ ಕುರಿತು ಲೇಖನ ಕಳಿಸಿದ್ದೇನೆ. ವಿಜ್ಞಾನ ಅಂಕಣಕ್ಕೆ ಆದೀತೇ? ಏನು ತಿದ್ದಬೇಕು?”
— ಕುಂಬಳೆಯ ಓದುಗ

ಈಗಿರುವ ಹಾಗೆ ಆಗದು. ಮೊದಲ ಎರಡು ಪುಟ ಕಂಪ್ಯೂಟರಿನ ಮಹಿಮೆಗೇ ಹೋಗಿದೆ, ತೆಗೆಯಿರಿ. ನಿಮ್ಮ ನಿಜವಾದ ಲೇಖನ ಕೊನೆಯ ಪುಟದಲ್ಲಿ ಅಡಗಿದೆ: ಸಂಜೆಯ ಫೋಟೋದಲ್ಲಿ ಪ್ರೋಗ್ರಾಂ ಬೋರ್ಡು ಬಿಟ್ಟು ಪಕ್ಕದ ಬಿಳಿ ಗೋಡೆಯನ್ನು ತೋರಿಸಿತು ಎಂಬ ಸಾಲು. ಅಷ್ಟು ಹೇಳಿ ಮುಂದೆ ಓಡಿದ್ದೀರಿ.

ಮಾದರಿ ತುಣುಕನ್ನು ಚಿತ್ರದ ಮೇಲೆ ಸರಿಸುತ್ತ, ಎದುರಾದ ಪಿಕ್ಸೆಲ್‌ಗಳನ್ನು ಗುಣಿಸಿ ಕೂಡಿದರೆ ಹೊಂದಿದ ಜಾಗದಲ್ಲೇ ಮೊತ್ತ ಹೆಚ್ಚು ಎಂದು ಬರೆದಿದ್ದೀರಿ. ಇದು ತಪ್ಪು. ಓದುಗರಿಗೆ ನಾಲ್ಕೇ ಪಿಕ್ಸೆಲ್‌ಗಳ ಲೆಕ್ಕ ಕೊಡಿ. ಮಾದರಿಯ ಪಿಕ್ಸೆಲ್‌ಗಳ ಹೊಳಪು 20, 60, 20, 60 ಇರಲಿ. ಸಂಜೆ ಅದೇ ಅಕ್ಷರ ಮಂಕಾಗಿ 10, 30, 10, 30 ಆಯಿತು; ಮೊತ್ತ 4000. ಬಿಸಿಲು ಬಿದ್ದ ಗೋಡೆ ನಾಲ್ಕೂ ಕಡೆ 200, ಮೊತ್ತ 32000. ಅಕ್ಷರದ ಸುಳಿವೇ ಇಲ್ಲದ ಗೋಡೆಗೆ ಎಂಟು ಪಟ್ಟು ಅಂಕ! ಬೆಳಿಗ್ಗೆ ಗೋಡೆ ನೆರಳಲ್ಲಿತ್ತು ಎಂದು ನೀವೇ ಬರೆದಿದ್ದೀರಿ. ಆಗ ಬಂದ ಸರಿಯುತ್ತರ ವಿಧಾನದ ಗುಣವಲ್ಲ, ನೆರಳಿನ ಕೃಪೆ.

ಪರಿಹಾರವನ್ನು ಎರಡು ಹಂತದಲ್ಲಿ ಹೇಳಿ. ಮೊತ್ತವನ್ನು ಎರಡೂ ತುಣುಕುಗಳ ‘ಉದ್ದ’ದಿಂದ, ಅಂದರೆ ವರ್ಗಗಳ ಮೊತ್ತದ ವರ್ಗಮೂಲದಿಂದ, ಭಾಗಿಸಿದರೆ ಮಂಕು ಅಕ್ಷರಕ್ಕೆ 1, ಗೋಡೆಗೆ 0.89. ಅಕ್ಷರ ಗೆದ್ದಿತು. ಆದರೆ ಬೋರ್ಡಿನ ಮುಂದಿನ ಗಾಜು ಹೊಳೆದು ಪ್ರತಿ ಪಿಕ್ಸೆಲ್‌ಗೂ 100 ಸೇರಿತೆನ್ನಿ: 120, 160, 120, 160. ಅಂಕ 0.95ಕ್ಕೆ ಇಳಿಯುತ್ತದೆ, ಗೋಡೆ ಹತ್ತಿರವೇ ನಿಂತಿರುತ್ತದೆ. ಆದ್ದರಿಂದ ಮೊದಲು ಪ್ರತಿ ತುಣುಕಿನಿಂದ ಅದರದೇ ಸರಾಸರಿಯನ್ನು ಕಳೆಯಬೇಕು. ಆಗ ಮಾದರಿಯೂ ಹೊಳಪಿನ ಅಕ್ಷರವೂ −20, 20, −20, 20 ಆಗಿ ಅಂಕ ಮತ್ತೆ 1. ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶ OpenCVಯಲ್ಲಿ ನೀವು ಬಳಸಿದ ವಿಧಾನ `TM_CCORR`, ಅಂದರೆ ಬರೀ ಗುಣಿಸಿ ಕೂಡುವುದು. `TM_CCORR_NORMED` ಭಾಗಾಕಾರವನ್ನಷ್ಟೇ ಮಾಡುತ್ತದೆ. ಸರಾಸರಿ ಕಳೆದು ಭಾಗಿಸುವ `TM_CCOEFF_NORMED` ನಿಮಗೆ ಬೇಕಾದದ್ದು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬೇಡಿ. ಸರಾಸರಿ ಕಳೆದರೆ ಗೋಡೆ ಪೂರ್ತಿ ಸೊನ್ನೆ, ಛೇದವೂ ಸೊನ್ನೆ. ನಿಜವಾದ ಫೋಟೋದಲ್ಲಿ ಅಲ್ಲಿ ಕ್ಯಾಮೆರಾದಿಂದಾದ ಹೊಳಪಿನ ಸಣ್ಣ ಅಡ್ಡಾದಿಡ್ಡಿ ಏರಿಳಿತ ಉಳಿದಿರುತ್ತದೆ. ಚಿಕ್ಕ ಛೇದದಿಂದ ಭಾಗಿಸಿದಾಗ ಅದೇ ಉಬ್ಬಿ ಅಕ್ಷರದಂತೆ ಅಂಕ ಪಡೆಯಬಹುದು. ಏರಿಳಿತ ತೀರ ಕಡಿಮೆ ಇರುವ ತುಣುಕುಗಳನ್ನು ಮೊದಲೇ ಬಿಟ್ಟುಬಿಡಬೇಕು.

“ಇನ್ನು ಯಾವ ಬೆಳಕಿನಲ್ಲೂ ಸಿಗುತ್ತದೆ” ಎಂದು ಮಾತ್ರ ಬರೆಯಬೇಡಿ. ತುಣುಕಿನ ಉದ್ದಗಲಕ್ಕೂ ಬೆಳಕು ಒಂದೇ ರೀತಿ ಬದಲಾದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ನಿಲ್ದಾಣದ ಮಾಡಿನ ನೆರಳು ‘ಕಾ’ದ ಅರ್ಧಕ್ಕೆ ಬಿದ್ದರೆ, ಅತಿ ಬೆಳಕಿಗೆ ಪಿಕ್ಸೆಲ್‌ಗಳು ಗರಿಷ್ಠ ಹೊಳಪಾದ 255ಕ್ಕೆ ಮುಟ್ಟಿ ನಿಂತರೆ ಅಂಕ ಕುಸಿಯುತ್ತದೆ. ಬಸ್ಸು ಹತ್ತಿರ ಬಂದು ಅಕ್ಷರ ದೊಡ್ಡದಾದರೂ ಅಷ್ಟೇ. ಬೋರ್ಡಿನಲ್ಲಿ ‘ಕಾ’ ಇಲ್ಲದಿದ್ದರೂ ಯಾವುದೋ ಒಂದು ಜಾಗಕ್ಕೆ ಅತಿ ಹೆಚ್ಚಿನ ಅಂಕ ಬಂದೇ ಬರುತ್ತದೆ. ಎಷ್ಟು ಬಂದರೆ ಒಪ್ಪುತ್ತೀರಿ ಎಂಬ ಮಿತಿಯನ್ನೂ, ಎರಡನೇ ಸ್ಥಾನದ ಅಂಕವನ್ನೂ ಕೊಡಿ.

ಆ ಸಂಜೆಯ ಫೋಟೋ, ಹಳೆಯ ಮತ್ತು ತಿದ್ದಿದ ಎರಡೂ ವಿಧಾನಗಳ ಅಂಕಗಳ ನಕ್ಷೆ ಜೊತೆಗಿರಲಿ. ಎರಡು ಪುಟ ಮೀರದಂತೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.