ಆ ಅರವತ್ತು ಲಕ್ಷ ಎಲ್ಲಿದೆ?

ಪ್ರಶ್ನೆ: ಎರಡು ವರ್ಷದಿಂದ ನಷ್ಟದಲ್ಲಿರುವ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಗೋಯಿಂಗ್ ಕನ್ಸರ್ನ್, ಅಂದರೆ ಕಂಪನಿ ಮುಂದೆಯೂ ನಡೆದುಕೊಂಡು ಹೋಗುತ್ತದೆಯೇ ಎಂಬುದರ ಬಗ್ಗೆ ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದು ಆಡಿಟರ್ ಹೇಳುತ್ತಿದ್ದಾರೆ. ಹಣ ಹಾಕುತ್ತೇವೆ ಎಂದು ನಿರ್ದೇಶಕರು ಪತ್ರ ಕೊಟ್ಟರೆ ಸಾಲದೇ? ಹಾಗೆ ಬರೆದರೆ ಬ್ಯಾಂಕಿನವರು ಸಾಲ ವಾಪಸ್ ಕೇಳುವುದಿಲ್ಲವೇ?

ಬರಿಯ ಪತ್ರ ಸಾಲದು. ಏಕೆಂದು ತಿಳಿಯಲು, ಕೆಲವು ವರ್ಷಗಳ ಹಿಂದೆ ನಾನು ಆಡಿಟ್ ಮಾಡಿದ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯ ಕಥೆ ಕೇಳಿ. ಗುರುತು ಸಿಗದಿರಲೆಂದು ಅಂಕಿಗಳನ್ನು ಅಲ್ಲಲ್ಲಿ ದುಂಡಗೆ ಮಾಡಿದ್ದೇನೆ.

ಎರಡು ವರ್ಷದ ನಷ್ಟ ಅವರ ಬಂಡವಾಳವನ್ನು ತಿಂದು ಹಾಕಿತ್ತು. ಜನವರಿಯಲ್ಲಿ ದೊಡ್ಡ ಗ್ರಾಹಕರೊಬ್ಬರು ಆರ್ಡರ್ ಕಡಿಮೆ ಮಾಡಿದ್ದರು. ಬ್ಯಾಂಕಿನ ಅವಧಿ ಸಾಲದ ಕಂತು ಎರಡು ಸಲ ತಡವಾಗಿತ್ತು. ಇವುಗಳಲ್ಲಿ ಒಂದೊಂದೇ ಇದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಷ್ಟ ಮಾಡುತ್ತಲೇ ಹತ್ತು ವರ್ಷ ಬಾಳಿದ ಕಂಪನಿಗಳನ್ನು ನೋಡಿದ್ದೇನೆ, ಲಾಭ ತೋರಿಸುತ್ತಲೇ ಸಂಬಳಕ್ಕೆ ದುಡ್ಡಿಲ್ಲದೆ ಬಾಗಿಲು ಹಾಕಿದ್ದನ್ನೂ ನೋಡಿದ್ದೇನೆ. ಮೂರೂ ಒಟ್ಟಿಗೆ ಬಂದಾಗ ಕೇಳಬೇಕಾದ್ದು ಒಂದೇ: ಮುಂದಿನ ಮಾರ್ಚ್ ತನಕ ಕೈಯಲ್ಲಿ ಹಣ ಇರುತ್ತದೆಯೇ?

ಈ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವರು ಆಡಳಿತ ಮಂಡಳಿಯವರು. ಹಲವರು ಇದನ್ನು ಆಡಿಟರ್ ತಂದಿಟ್ಟ ತಗಾದೆ ಎಂದುಕೊಳ್ಳುತ್ತಾರೆ. ಆದರೆ ಕಂಪನಿ ನಡೆದುಕೊಂಡು ಹೋಗುತ್ತದೆ ಎಂಬ ಆಧಾರದ ಮೇಲೆಯೇ ಲೆಕ್ಕಪತ್ರ ಸಿದ್ಧಪಡಿಸಿದ್ದೇವೆ ಎಂದು ಕಂಪನಿ ಕಾಯ್ದೆಯ 134ನೇ ಕಲಮಿನಂತೆ ನಿರ್ದೇಶಕರೇ ತಮ್ಮ ವರದಿಯಲ್ಲಿ ಹೇಳಿಕೆ ಕೊಡಬೇಕು. ಆ ಮಾತಿಗೆ ಅವರ ಬಳಿ ಏನು ಆಧಾರವಿದೆ ಎಂಬುದನ್ನು ಎಸ್‌ಎ 570 ಎಂಬ ಮಾನದಂಡದಂತೆ ಆಡಿಟರ್ ಪರೀಕ್ಷಿಸುತ್ತಾರೆ. ಅವರು ನೋಡುವ ಅವಧಿ ಬ್ಯಾಲೆನ್ಸ್ ಶೀಟ್ ದಿನದಿಂದ ಕನಿಷ್ಠ 12 ತಿಂಗಳು. ಅದರಾಚೆ ಏನಾದರೂ ಗೊತ್ತಿದೆಯೇ ಎಂದೂ ಕೇಳಲೇಬೇಕು. ಹದಿಮೂರನೆಯ ತಿಂಗಳಲ್ಲಿ ಇಡೀ ಸಾಲ ಒಂದೇ ಗಂಟಾಗಿ ತೀರಿಸುವುದಿದ್ದರೆ, ಹನ್ನೆರಡೇ ತಿಂಗಳು ನೋಡಿ ಸುಮ್ಮನಾಗುವಂತಿಲ್ಲ.

ಪೀಣ್ಯದವರು ಕೊಟ್ಟ ಹಣದ ಹರಿವಿನ ಪಟ್ಟಿ ನೋಡಲು ಚೆನ್ನಾಗಿತ್ತು. ಏಪ್ರಿಲ್ 1ಕ್ಕೆ ಖಾತೆಯಲ್ಲಿ 40 ಲಕ್ಷ, ಕ್ಯಾಶ್ ಕ್ರೆಡಿಟ್ ಮಿತಿಯಲ್ಲಿ ಇನ್ನೂ ಎತ್ತಬಹುದಾದದ್ದು 30 ಲಕ್ಷ, ಒಟ್ಟು 70. ತಿಂಗಳಿಗೆ 110 ಲಕ್ಷ ವಸೂಲಿ, ಕಂತು ಬಡ್ಡಿ ಸೇರಿ 113 ಲಕ್ಷ ಖರ್ಚು. ತಿಂಗಳಿಗೆ 3 ಲಕ್ಷ ಕೊರತೆ, ವರ್ಷಕ್ಕೆ 36. ಎಪ್ಪತ್ತರಲ್ಲಿ ಅದು ಆರಾಮವಾಗಿ ಕಳೆಯುತ್ತದೆ.

ನಾನು ಆಡಿಟ್‌ಗೆ ಕುಳಿತದ್ದು ಜುಲೈಯಲ್ಲಿ. ಅಂದರೆ ಅವರ ಅಂದಾಜಿನ ಮೊದಲ ಮೂರು ತಿಂಗಳು ಆಗಲೇ ಕಳೆದುಹೋಗಿದ್ದವು. ಬ್ಯಾಂಕ್ ಪಾಸ್‌ಬುಕ್ ತೆರೆದು ನೋಡಿದರೆ ವಸೂಲಿ ತಿಂಗಳಿಗೆ ಸರಾಸರಿ 98 ಲಕ್ಷ. ವಹಿವಾಟು ಇಳಿದಾಗ ಕಚ್ಚಾ ಸಾಮಗ್ರಿಯ ಖರ್ಚೂ 5 ಲಕ್ಷದಷ್ಟು ಇಳಿದಿತ್ತು, ಅದನ್ನು ಅವರ ಪಾಲಿಗೆ ಬಿಟ್ಟುಕೊಟ್ಟೆ. ಆದರೂ ಕೊರತೆ ಮೂರರಿಂದ ಹತ್ತಕ್ಕೇರಿತು. ಎಪ್ಪತ್ತು ಲಕ್ಷ ಏಳು ತಿಂಗಳಿಗೆ ಮುಗಿಯುತ್ತದೆ, ಅಂದರೆ ಹೆಚ್ಚುಕಡಿಮೆ ದೀಪಾವಳಿಗೆ. ವರ್ಷ ದಾಟಲು ಇನ್ನೂ 50 ಲಕ್ಷ ಬೇಕು. ಮುಂದಿನ ತಿಂಗಳ ಅಂದಾಜನ್ನು ಕಳೆದ ತಿಂಗಳ ಪಾಸ್‌ಬುಕ್ಕಿನೊಂದಿಗೆ ತಾಳೆ ಹಾಕುವ ಈ ಕೆಲಸಕ್ಕೆ ಅರ್ಧ ದಿನ ಸಾಕು. ನನ್ನ ಅನುಭವದಲ್ಲಿ ಹೆಚ್ಚಿನ ಪಟ್ಟಿಗಳು ಸೋಲುವುದು ಇಲ್ಲಿಯೇ.

ಆಗ ಬಂತು ಪತ್ರ. ‘ಅಗತ್ಯ ಬಿದ್ದರೆ 60 ಲಕ್ಷ ಹಾಕಲು ಬದ್ಧನಾಗಿದ್ದೇನೆ’ ಎಂದು ವ್ಯವಸ್ಥಾಪಕ ನಿರ್ದೇಶಕರ ಸಹಿ. ಅವರು ಪ್ರಾಮಾಣಿಕರು, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಕೊಡುವ ಮನಸ್ಸು ಬೇರೆ, ಕೊಡುವ ಶಕ್ತಿ ಬೇರೆ. ಆಡಿಟರ್ ಎರಡನ್ನೂ ನೋಡಬೇಕು. ‘ಹಣ ಎಲ್ಲಿಂದ, ಸಾರ್?’ ಎಂದು ಕೇಳಿದೆ. ತುಮಕೂರು ರಸ್ತೆಯ ಒಂದು ಸೈಟ್ ಮಾರುವುದಾಗಿ ಹೇಳಿದರು. ಕಡತದಲ್ಲಿದ್ದ ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ತಿರುವಿದರೆ, ಅದೇ ಸೈಟ್ ಅದೇ ಅವಧಿ ಸಾಲಕ್ಕೆ ಅಡಮಾನವಾಗಿತ್ತು! ಬ್ಯಾಂಕ್ ಬಿಡದೆ ಅದನ್ನು ಮಾರುವಂತಿಲ್ಲ, ಮಾರಿದರೂ ದುಡ್ಡು ಮೊದಲು ಸೇರುವುದು ಬ್ಯಾಂಕಿಗೆ. ಅವರಿಗೆ ಅದು ನಿಜವಾಗಿಯೂ ಮರೆತುಹೋಗಿತ್ತು.

ಕೊನೆಗೆ ಅವರು ತಮ್ಮ 30 ಲಕ್ಷದ ನಿಶ್ಚಿತ ಠೇವಣಿ ಮುರಿದು ಆಗಸ್ಟ್‌ನಲ್ಲಿ ಕಂಪನಿಗೆ ಸಾಲವಾಗಿ ಕೊಟ್ಟರು. ಈ ಹಣ ಇನ್ನೊಬ್ಬರಿಂದ ಸಾಲ ತಂದದ್ದಲ್ಲ ಎಂದು ನಿರ್ದೇಶಕರು ಬರೆದುಕೊಡಬೇಕೆಂಬುದು ಕಂಪನಿಗಳು ಠೇವಣಿ ಸ್ವೀಕರಿಸುವ ನಿಯಮಗಳ ಷರತ್ತು. ಹೊರಗಿನಿಂದ ಕೈಸಾಲ ತಂದು ಕಂಪನಿಗೆ ಹಾಕುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಎರಡು ವರ್ಷ ವಾಪಸ್ ಕೇಳುವುದಿಲ್ಲ ಎಂಬ ಒಪ್ಪಂದವನ್ನೂ ಮಾಡಿಸಿದೆ. ಇಲ್ಲದಿದ್ದರೆ ಮುಂದಿನ ತಿಂಗಳೇ ಹಿಂದಕ್ಕೆ ಹೋಗಬಹುದಾದ ಹಣ ಅದು. ಇಷ್ಟಾದ ಮೇಲೆ ಹಣ ಜನವರಿ ಕೊನೆಯ ತನಕ ಬಂತು. ಉಳಿದ 20 ಲಕ್ಷದ ಕೊರತೆ ತೀರಲು ಬ್ಯಾಂಕ್ ಅಸಲಿನ ಕಂತು ಮುಂದೂಡಬೇಕಿತ್ತು. ಬ್ಯಾಂಕಿನ ಉತ್ತರ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು.

ವರದಿಯಲ್ಲಿ ಏನು ಬರೆಯುವುದು ಎಂಬುದನ್ನು ನಿಶ್ಚಯಿಸಿದ್ದು ಆ ಸಾಲು. ಕಂಪನಿ ಮುಚ್ಚುವುದು ಖಚಿತವಾಗಿರಲಿಲ್ಲ, ಆದ್ದರಿಂದ ಲೆಕ್ಕಪತ್ರದ ಆಧಾರ ಸರಿಯೇ ಇತ್ತು. ಯಂತ್ರಗಳನ್ನು ಗುಜರಿ ಬೆಲೆಗೆ ಇಳಿಸುವ ಅಗತ್ಯವಿರಲಿಲ್ಲ. ಆದರೆ ಗಣನೀಯ ಅನಿಶ್ಚಿತತೆ ಉಳಿದಿತ್ತು. ನಷ್ಟ, ತಡವಾದ ಕಂತು, ಬ್ಯಾಂಕ್ ಒಪ್ಪದಿದ್ದರೆ ಏನಾಗುತ್ತದೆ, ಇಷ್ಟನ್ನೂ ಅವರು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬಿಚ್ಚಿ ಬರೆದರು. ನಾನು ಪ್ರತ್ಯೇಕ ಶೀರ್ಷಿಕೆಯಡಿ ಆ ಟಿಪ್ಪಣಿಯತ್ತ ಓದುಗರ ಗಮನ ಸೆಳೆದೆ. ನನ್ನ ಅಭಿಪ್ರಾಯದಲ್ಲಿ ಯಾವ ಮಾರ್ಪಾಡೂ ಇರಲಿಲ್ಲ, ಲೆಕ್ಕಪತ್ರ ಸರಿಯಾಗಿದೆ ಎಂದೇ ಸಹಿ ಹಾಕಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಟಿಪ್ಪಣಿಯನ್ನು ಅವರು ಬರೆಯದೆ ಮುಚ್ಚಿಟ್ಟಿದ್ದರೆ ನಾನು ಅಭಿಪ್ರಾಯವನ್ನೇ ಬದಲಿಸಬೇಕಾಗುತ್ತಿತ್ತು: ಒಂದೋ ಇಷ್ಟು ಹೊರತು ಸರಿಯಿದೆ ಎನ್ನುವುದು, ಇಲ್ಲವೇ ಸರಿಯಾಗಿಯೇ ಇಲ್ಲ ಎನ್ನುವುದು. ಕಾರ್ಖಾನೆ ಮುಚ್ಚುವುದು ಖಚಿತವಾಗಿದ್ದೂ ನಡೆಯುವ ಕಂಪನಿ ಎಂಬಂತೆ ಲೆಕ್ಕ ತೋರಿಸಿದ್ದರೆ ಎರಡನೆಯದೇ ಗತಿ, ಟಿಪ್ಪಣಿ ಎಷ್ಟೇ ಉದ್ದವಿದ್ದರೂ. ಬ್ಯಾಂಕಿನ ಅಧಿಕಾರಿ ಗಾಬರಿಯಾಗುವುದು ಅಂಥ ವರದಿ ಕಂಡಾಗ. ತಡವಾದ ಕಂತಿನ ವಿಷಯ ಅವರಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಪೀಣ್ಯದವರ ವಿಷಯದಲ್ಲಿ ಬ್ಯಾಂಕ್ ಸಾಲ ವಾಪಸ್ ಕೇಳಲಿಲ್ಲ, ನವೆಂಬರ್‌ನಲ್ಲಿ ಆರು ತಿಂಗಳ ಅಸಲನ್ನು ಮುಂದೂಡಿತು. ಎಲ್ಲ ಬ್ಯಾಂಕೂ ಹಾಗೆಯೇ ಮಾಡುತ್ತದೆ ಎಂದು ಭರವಸೆ ಕೊಡಲಾರೆ. ನಾನು ಬರೆದದ್ದು ತಪ್ಪಾಯಿತೆಂದೂ ಅದರಿಂದ ಆಗುವುದಿಲ್ಲ, ಸಹಿ ಹಾಕಿದ ದಿನ ಆ ಒಪ್ಪಿಗೆ ಇರಲಿಲ್ಲ.

ಆಡಿಟರ್ ತಮ್ಮ ವರದಿಯಲ್ಲಿ ಯಾವ ಯಾವ ವಿಷಯಕ್ಕೆ ಉತ್ತರಿಸಬೇಕೆಂದು ಹೇಳುವ ಸರ್ಕಾರಿ ಆದೇಶ ಕಾರೋ 2020 ನಿಮ್ಮ ಕಂಪನಿಗೆ ಅನ್ವಯಿಸುವುದಾದರೆ ಇನ್ನೊಂದು ಮಾತು. ಬ್ಯಾಲೆನ್ಸ್ ಶೀಟ್ ದಿನಕ್ಕೆ ಇರುವ ಬಾಕಿಗಳಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದವನ್ನು ಕಂಪನಿ ತೀರಿಸಬಲ್ಲದೇ ಎಂದು ಆಡಿಟರ್ ಅಲ್ಲಿ ಬೇರೆಯಾಗಿಯೇ ಉತ್ತರಿಸಬೇಕು. ಇಲ್ಲಿ ಅನಿಶ್ಚಿತತೆ ಇದೆ, ಅಲ್ಲಿ ಇಲ್ಲ ಎಂದು ಬರೆಸಿಕೊಳ್ಳಲು ಹೋಗಬೇಡಿ. ಪತ್ರ ತಯಾರಿಸುವ ಮೊದಲು ಏಪ್ರಿಲ್‌ನಿಂದ ಇಂದಿನವರೆಗಿನ ನಿಜವಾದ ವಸೂಲಿಯನ್ನು ಪಟ್ಟಿಯಲ್ಲಿ ತುಂಬಿಸಿ, ನಿರ್ದೇಶಕರ ಹಣದ ಮೂಲದ ದಾಖಲೆಗಳನ್ನು ಜೊತೆಗಿಟ್ಟುಕೊಂಡು ಆಡಿಟರ್ ಹತ್ತಿರ ಹೋಗಿ.