ಉಡುಪಿನ ಚೀಟಿಯ ಮೇಲಿನ ಪುಟ್ಟ ಮನುಷ್ಯ ಹೇಳುವುದೇನು?

ಪ್ರಶ್ನೆ: ಜರ್ಮನಿಯಲ್ಲಿರುವ ತಮ್ಮ ಒಂದು ಸೂಟು ಕಳಿಸಿದ್ದಾನೆ. ಕೋಟಿನ ಒಳಗಿನ ಚೀಟಿಯಲ್ಲಿ ಮನುಷ್ಯನ ಗೆರೆಚಿತ್ರ, ಅದರ ಪಕ್ಕ 176, 100, 88 ಎಂದಿದೆ. ಕೆಳಗೆ 175/100 ಎ ಅಂತಲೂ ಇದೆ. ಪ್ಯಾಂಟಿನ ಚೀಟಿಯಲ್ಲಿ 88, 82, ಕೆಳಗೆ 175/88 ಎ. ಕೋಟಿನ ಎದೆಗೆ ಟೇಪು ಹಿಡಿದರೆ 112 ಸೆಂ.ಮೀ. ಬರುತ್ತದೆ. ನಮ್ಮ ಟೈಲರ್ ಚೀಟಿಯೇ ತಪ್ಪು ಅಂತಾರೆ. ನನ್ನ ಎದೆ 40 ಇಂಚು. ಇಟ್ಟುಕೊಳ್ಳಲೇ, ವಾಪಸ್ ಕಳಿಸಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಚೀಟಿ ಸರಿಯಾಗಿಯೇ ಇದೆ, ನಿಮ್ಮ ಟೇಪೂ ಸರಿಯಾಗಿದೆ. ಎರಡೂ ಬೇರೆ ಬೇರೆ ವಸ್ತುವನ್ನು ಅಳೆದಿವೆ, ಅಷ್ಟೆ. ಚಿತ್ರದ ಪಕ್ಕದ ಅಂಕಿಗಳು ಬಟ್ಟೆಯ ಅಳತೆಯಲ್ಲ, ಅದನ್ನು ತೊಡಬೇಕಾದವರ ಮೈ ಅಳತೆ. ಅದೂ ಸೆಂಟಿಮೀಟರಿನಲ್ಲಿ. 176 ಸೆಂ.ಮೀ. ಉದ್ದದ ಕೋಟನ್ನು ಯಾರೂ ಹೊಲಿಯುವುದಿಲ್ಲ. ಅದು ಮನುಷ್ಯನ ಎತ್ತರ ಎಂಬುದು ಅಲ್ಲೇ ಗೊತ್ತಾಗುತ್ತದೆ. ಎದೆ 100 ಇರುವವರು ಉಸಿರಾಡಲು, ಕೈ ಮುಂದೆ ಚಾಚಲು, ಒಳಗೆ ಶರ್ಟು ಹಾಕಲು ಜಾಗ ಬೇಕಲ್ಲ? ಆ ಜಾಗಕ್ಕೆಂದು ಸೇರಿಸಿದ 12 ಸೆಂ.ಮೀ. ನಿಮ್ಮ ಟೇಪಿಗೆ ಸಿಕ್ಕಿದೆ. ಟೈಲರುಗಳು ‘ಲೂಸ್’ ಎನ್ನುವುದು ಇದನ್ನೇ. ಎಷ್ಟು ಲೂಸ್ ಬಿಡಬೇಕು ಎಂಬುದು ತಯಾರಕರ ಇಷ್ಟ, ಹಾಗಾಗಿ ಒಂದೇ 100ರ ಎರಡು ಕೋಟುಗಳು ಟೇಪಿಗೆ ಬೇರೆ ಬೇರೆ ಬರಬಹುದು.

ಈ ಚಿತ್ರದ ಪದ್ಧತಿ ಯುರೋಪಿನ ಇಎನ್ 13402 ಮತ್ತು ಅಂತರರಾಷ್ಟ್ರೀಯ ಐಎಸ್‌ಒ 8559 ಮಾನದಂಡಗಳಲ್ಲಿದೆ. ಯಾವ ಭಾಷೆಯವರಿಗೂ ಅರ್ಥವಾಗಲಿ ಎಂದು ಪದದ ಬದಲು ಚಿತ್ರ. ಅದನ್ನು ಓದುವಾಗ ಅಂಕಿಗಿಂತ ಮೊದಲು ಗೆರೆಯನ್ನು ನೋಡಿ. ಮೈಯನ್ನು ಅಡ್ಡಲಾಗಿ ದಾಟುವ ಗೆರೆ ಎಂದರೆ ಆ ಜಾಗದ ಸುತ್ತಳತೆ. ನೆತ್ತಿಯಿಂದ ಪಾದದವರೆಗಿನ ಉದ್ದ ಗೆರೆ ಎಂದರೆ ಬರಿಗಾಲಿನ ಎತ್ತರ. ಎರಡು ಕಾಲುಗಳ ನಡುವೆ ಕೆಳಕ್ಕಿಳಿಯುವ ಗೆರೆ ಒಳಗಾಲಿನ ಉದ್ದ. ನಿಮ್ಮ ಪ್ಯಾಂಟಿನ 82 ಈ ಮೂರನೆಯದು.

ಗೆರೆಗಳೆಲ್ಲ ಒಂದೇ ತೂಕದವಲ್ಲ. ಪ್ರತಿ ಉಡುಪಿಗೂ ಒಂದು ಮುಖ್ಯ ಅಳತೆ ಇರುತ್ತದೆ: ಕೋಟಿಗೆ ಎದೆ, ಪ್ಯಾಂಟಿಗೆ ನಡು, ಕಾಲರ್ ಶರ್ಟಿಗೆ ಕುತ್ತಿಗೆ, ಮಕ್ಕಳ ಬಟ್ಟೆಗೆ ಎತ್ತರ. ಉಳಿದವು ಜೊತೆಯ ಅಳತೆಗಳು. ಮುಖ್ಯ ಅಳತೆ ತಪ್ಪಿದರೆ ಬಟ್ಟೆಯ ಆಸೆ ಬಿಡಬೇಕು. ಜೊತೆಯದನ್ನು ಹೊಲಿಗೆಯಲ್ಲಿ ಸರಿಮಾಡಬಹುದು. (ಮಗುವಿನ ಅಂಗಿಯ ಮೇಲೆ 104, 110, 116 ಎಂದಿದ್ದರೆ ಅದು ಎತ್ತರ. ವಯಸ್ಸಿನ ಲೆಕ್ಕ ಬಿಟ್ಟು ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ.)

ಈಗ ನಿಮ್ಮ 40 ಇಂಚಿಗೆ ಬರೋಣ. 40 ಇಂಚು ಎಂದರೆ 101.6 ಸೆಂ.ಮೀ. ಯುರೋಪಿನ ಪಟ್ಟಿಯಲ್ಲಿ ಗಂಡಸರ ಎದೆ 92, 96, 100, 104 ಹೀಗೆ ನಾಲ್ಕು ನಾಲ್ಕಕ್ಕೆ ಏರುತ್ತದೆ. 100 ಎಂದರೆ 98ರಿಂದ 102ರವರೆಗಿನವರಿಗೆ. ಆ ಲೆಕ್ಕದಲ್ಲಿ ಕೋಟು ನಿಮ್ಮದೇ. ಆದರೆ ಆ 40 ಎಲ್ಲಿಂದ ಬಂತು ಎಂಬುದೇ ನನ್ನ ಅನುಮಾನ. ‘ನನ್ನದು ನಲವತ್ತು’ ಎಂದು ನಾವು ಹೇಳುವುದು ಎಷ್ಟೋ ಸಲ ಹೊಲಿದು ಮುಗಿದ ಶರ್ಟಿನ ಅಳತೆ, ಟೈಲರ್ ನಾಲ್ಕು ಇಂಚು ಲೂಸ್ ಸೇರಿಸಿ ಪುಸ್ತಕದಲ್ಲಿ ಬರೆದುಕೊಂಡದ್ದು. ಹಾಗಿದ್ದರೆ ನಿಮ್ಮ ಮೈ 36 ಇಂಚು, ಅಂದರೆ 91.4 ಸೆಂ.ಮೀ. ನಿಮಗೆ ಬೇಕಾದದ್ದು 92ರ ಕೋಟು. ಈ 100ರದ್ದು ಎರಡು ಸೈಜು ದೊಡ್ಡದು, ಭುಜ ತೋಳಿನ ಮೇಲೆ ಇಳಿಬೀಳುತ್ತದೆ.

ಹಾಗಾಗಿ ಹಳೆಯ ಅಂಕಿ ಮರೆತು ಹೊಸದಾಗಿ ಅಳೆಯಿರಿ. ಬನಿಯನ್ ಮೇಲೆ, ಕೈ ಇಳಿಬಿಟ್ಟು, ಸಹಜವಾಗಿ ಉಸಿರಾಡುತ್ತ ನಿಲ್ಲಿ. ಟೇಪು ಕಂಕುಳ ಕೆಳಗಿನಿಂದ ಹಾದು, ಹಿಂದೆ ಹೆಗಲೆಲುಬಿನ ಮೇಲೆ, ಮುಂದೆ ಎದೆಯ ಅತಿ ಅಗಲದ ಭಾಗದ ಮೇಲೆ ಬರಬೇಕು. ಒಬ್ಬರೇ ಅಳೆದುಕೊಂಡರೆ ಬೆನ್ನ ಹಿಂದೆ ಟೇಪು ಜಾರಿ ಓರೆಯಾಗುತ್ತದೆ, ಅಂಕಿ ಕೆಡುತ್ತದೆ. ಇನ್ನೊಬ್ಬರು ಹಿಡಿಯಲಿ, ಟೇಪಿನೊಳಗೆ ಬೆರಳು ಇಡುವುದು ಬೇಡ. ಲೂಸನ್ನು ಕಂಪನಿ ಆಗಲೇ ಸೇರಿಸಿದೆ. ನೀವೂ ಸೇರಿಸಿದರೆ ಎರಡು ಸಲ ಸೇರಿಸಿದಂತೆ.

ನಡುವಿನ ವಿಷಯದಲ್ಲಿ ಇನ್ನೂ ಹೆಚ್ಚು ಮಂದಿ ಮೋಸಹೋಗುತ್ತಾರೆ. ಕನ್ನಡದ ‘ಸೊಂಟ’ ಎಂಬ ಒಂದೇ ಮಾತಿನಲ್ಲಿ ಎರಡು ಜಾಗಗಳಿವೆ. ಟೈಲರುಗಳು ಅವನ್ನು ವೇಸ್ಟ್, ಸೀಟ್ ಎಂದು ಬಿಡಿಸಿ ಹೇಳುತ್ತಾರೆ. ಚಿತ್ರದ 88 ವೇಸ್ಟ್. ಅದರ ಜಾಗ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ. ಒಂದು ಪಕ್ಕಕ್ಕೆ ಬಾಗಿದರೆ ಮಡಿಕೆ ಬೀಳುತ್ತದಲ್ಲ, ಅಲ್ಲಿ. ನಾವು ಪ್ಯಾಂಟು ಕಟ್ಟುವುದು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ಸ್ವಲ್ಪ ಹೊಟ್ಟೆ ಇದ್ದವರು ಹೊಟ್ಟೆಯ ಕೆಳಗೆ ಬೆಲ್ಟು ಬಿಗಿದು, ಅಲ್ಲಿಯ ಅಂಕಿಯನ್ನೇ ತಮ್ಮ ವೇಸ್ಟ್ ಎಂದುಕೊಂಡಿರುತ್ತಾರೆ. ನಡುವಿನ ಜಾಗದಲ್ಲಿ ಅಳೆದರೆ ಅದಕ್ಕಿಂತ ದೊಡ್ಡ ಅಂಕಿ ಬರುತ್ತದೆ. ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. 88 ಎಂದರೆ ಸುಮಾರು 34.6 ಇಂಚು.

ಒಳಗಾಲಿನ 82 ತೊಡೆಸಂದಿನಿಂದ ನೆಲದವರೆಗೆ, ಬರಿಗಾಲಿನಲ್ಲಿ, ಕಾಲುಗಳನ್ನು ತುಸು ಅಗಲಿಸಿ ನಿಂತಾಗಿನದು. ಜೀನ್ಸಿನ ಹಿಂದಿನ 34/32ಕ್ಕೆ ಇದನ್ನು ಹೋಲಿಸಬೇಡಿ. ಅದು ಇಂಚಿನಲ್ಲಿದೆ, ಅದರ ಎರಡನೆಯ ಅಂಕಿ ಬಟ್ಟೆಯ ಒಳಹೊಲಿಗೆಯ ಉದ್ದ. ಅದಕ್ಕೆ ಮೇಲೆ ಮನುಷ್ಯನ ಚಿತ್ರವೂ ಇರುವುದಿಲ್ಲ.

ಇನ್ನು 175/100 ಎ. ಇದು ಚೀನಾದ ಸೈಜು; ಒಂದೇ ಬಟ್ಟೆ ಹಲವು ದೇಶಗಳಿಗೆ ಹೋಗುವುದರಿಂದ ಒಂದೇ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಚಿತ್ರ ಹೇಳಿದ್ದನ್ನೇ ಅದು ಅಕ್ಷರದಲ್ಲಿ ಹೇಳುತ್ತದೆ. ಮೊದಲನೆಯದು ಎತ್ತರ, ಐದೈದರ ಮೆಟ್ಟಿಲಿನಲ್ಲಿ. ಅದಕ್ಕೇ 176 ಹೋಗಿ 175 ಆಗಿದೆ. ಎರಡನೆಯದು ಮೇಲುಡುಪಾದರೆ ಎದೆ, ಪ್ಯಾಂಟಾದರೆ ನಡು. ಒಂದೇ ಸೂಟಿನಲ್ಲಿ 100 ಮತ್ತು 88 ಎರಡೂ ಇರುವುದು ಇದರಿಂದ, ಬೇರೆ ಬೇರೆ ಸೈಜು ಸೇರಿಹೋಗಿಲ್ಲ. ಕೊನೆಯ ಅಕ್ಷರ ಮೈಕಟ್ಟು: ಎದೆಯಿಂದ ನಡುವನ್ನು ಕಳೆದರೆ ಗಂಡಸರಿಗೆ 12ರಿಂದ 16 ಉಳಿದರೆ ಎ, 7ರಿಂದ 11 ಆದರೆ ಬಿ, 2ರಿಂದ 6 ಆದರೆ ಸಿ, 17ರಿಂದ 22 ಆದರೆ ವೈ. 100ರಲ್ಲಿ 88 ಕಳೆದರೆ 12, ಎ ಸರಿಹೋಯಿತು. ಚೀಟಿ ತಪ್ಪಿಲ್ಲ ಎಂದು ಧೈರ್ಯವಾಗಿ ಹೇಳಿದ್ದು ಈ ತಾಳೆಯಿಂದಲೇ.

ನಿಮ್ಮ ಹೊಸ ಅಳತೆಯಲ್ಲಿ ಎದೆ 98ರಿಂದ 102ರೊಳಗೆ ಬಂದರೆ ಕೋಟು ಇಟ್ಟುಕೊಳ್ಳಿ. ನಡು ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದರೆ, ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದಾರೆಯೇ ನೋಡಿ ನಿಮ್ಮ ಟೈಲರೇ ಸರಿಮಾಡಿಕೊಡುತ್ತಾರೆ. ಪ್ಯಾಂಟಿನ ಕಾಲುದ್ದವೂ ಹಾಗೆಯೇ. ಎದೆ 92ರ ಹತ್ತಿರ ಬಂದರೆ ಮಾತ್ರ ವಾಪಸ್ ಕಳಿಸಿ. ಭುಜವನ್ನು ಚಿಕ್ಕದು ಮಾಡಿಸಲು ಹೋದರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಕೋಟಿನ ಆಕಾರ ಮೊದಲಿನಂತೆ ಉಳಿಯುವುದು ಕಷ್ಟ. ಜರ್ಮನಿಯಲ್ಲಿ ಗಂಡಸರ ಕೋಟಿನ ಸೈಜು ಎದೆಯ ಅರ್ಧ. ತಮ್ಮನಿಗೆ 50ರ ಬದಲು 46 ಎಂದು ಹೇಳಿದರೆ ಸಾಕು. ಅಲ್ಲಿಯವರೆಗೆ ಚೀಟಿಗೆ ಕತ್ತರಿ ಹಾಕಬೇಡಿ.