ಉಯಿಲಿನ ಕರಡನ್ನು ಓದುವಾಗ ಹೆಸರು, ಸಂಬಂಧ ಮತ್ತು ಎರಡರ್ಥದ ವಾಕ್ಯಗಳು

ಪ್ರಶ್ನೆ: ನಮ್ಮ ತಂದೆಯವರು ವಕೀಲರೊಬ್ಬರಿಂದ ಕನ್ನಡದಲ್ಲಿ ಉಯಿಲು ಬರೆಸುತ್ತಿದ್ದಾರೆ. ನಾಲ್ಕು ಪುಟದ ಕರಡು ಬಂದಿದೆ, ಇನ್ನೂ ಸಹಿ ಆಗಿಲ್ಲ. ಹೆಸರು, ಸಂಬಂಧ ಎಲ್ಲ ಸರಿಯಾಗಿದೆಯಾ ಓದಿ ನೋಡು ಅಂತ ನನಗೆ ಕೊಟ್ಟಿದ್ದಾರೆ. ನನಗೆ ಕಾನೂನು ಗೊತ್ತಿಲ್ಲ. ಏನೇನು ನೋಡಬೇಕು?

ಉತ್ತರ:

ವಕೀಲರ ಕಚೇರಿಯೊಂದರಲ್ಲಿ ಕನ್ನಡ ದಸ್ತಾವೇಜುಗಳ ಕರಡನ್ನು ಓದಿ ತಿದ್ದುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಕಾನೂನು ತಿಳಿಯದಿರುವುದು ಈ ಕೆಲಸಕ್ಕೆ ಅಡ್ಡಿಯಲ್ಲ. ಉಯಿಲಿನಲ್ಲಿ ಪಾರಿಭಾಷಿಕ ಪದಗಳೇ ಇರಬೇಕೆಂದಿಲ್ಲ, ಬರೆಸಿದವರ ಇಚ್ಛೆ ಮಾತುಗಳಿಂದ ತಿಳಿದರೆ ಸಾಕು ಎಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 74ನೇ ಕಲಮೇ ಹೇಳುತ್ತದೆ. ಆದ್ದರಿಂದ ಪ್ರತಿ ವಾಕ್ಯದಿಂದಲೂ ಒಂದೇ ಇಚ್ಛೆ ತಿಳಿಯುತ್ತದೆಯೋ, ಎರಡು ತಿಳಿಯುತ್ತವೆಯೋ ಎಂದು ಪರೀಕ್ಷಿಸುವುದಷ್ಟೇ ನಿಮ್ಮ ಕೆಲಸ. ಇದನ್ನು ಸಹಿಗೆ ಮುಂಚೆಯೇ ಮುಗಿಸಿ. ಸಹಿಯಾದ ಮೇಲೆ ಮಾಡಿದ ತಿದ್ದುಪಡಿಗೆ ನಿಮ್ಮ ತಂದೆಯವರ ಸಹಿ ಮತ್ತು ಸಾಕ್ಷಿಗಳ ಸಹಿ ಮತ್ತೆ ಆಗದ ಹೊರತು ಅದಕ್ಕೆ ಬೆಲೆಯಿಲ್ಲ ಎಂದು 71ನೇ ಕಲಂ ಹೇಳುತ್ತದೆ. (ಮುಸ್ಲಿಮರ ಉಯಿಲಿಗೆ ಅಧಿನಿಯಮದ ಈ ಭಾಗ ಅನ್ವಯಿಸುವುದಿಲ್ಲ.)

ಮೊದಲು ಒಂದು ಎಚ್ಚರಿಕೆ. ಈ ಉಯಿಲಿನಿಂದ ನಿಮಗೂ ಆಸ್ತಿ ಬರುವುದಾದರೆ ಕರಡಿನ ಮೇಲೆ ನಿಮ್ಮ ಕೈಯಿಂದ ಒಂದಕ್ಷರವನ್ನೂ ತಿದ್ದಬೇಡಿ. ಲಾಭ ಪಡೆಯುವವರೇ ಉಯಿಲನ್ನು ಸಿದ್ಧಪಡಿಸುವುದರಲ್ಲಿ ಮುಂದಾಳಾಗಿದ್ದರೆ ಅದು ಸಂಶಯಕ್ಕೆ ಎಡೆಕೊಡುವ ಸಂಗತಿ ಎಂಬುದನ್ನು ಸುಪ್ರೀಂ ಕೋರ್ಟು 1958ರಲ್ಲಿಯೇ, ನಮ್ಮ ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ನಿಮ್ಮ ಅನುಮಾನಗಳನ್ನು ಬೇರೆ ಹಾಳೆಯಲ್ಲಿ ಪ್ರಶ್ನೆಗಳಾಗಿ ಮಾತ್ರ ಬರೆದುಕೊಡಿ. ಉತ್ತರವನ್ನು ತಂದೆಯವರೇ ವಕೀಲರಿಗೆ ಹೇಳಲಿ, ತಿದ್ದುವುದನ್ನು ವಕೀಲರು ಮಾಡಲಿ.

ಈಗ ಓದುವ ಕ್ರಮ. ಒಂದು ಬಿಳಿ ಹಾಳೆಯಲ್ಲಿ ನಿಮ್ಮ ವಂಶವೃಕ್ಷವನ್ನು ಬರೆದುಕೊಂಡು, ಪ್ರತಿಯೊಬ್ಬರ ಹೆಸರನ್ನೂ ಅವರ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ತುಂಬಿ. ಶಾಲೆಯ ದಾಖಲೆಯಲ್ಲಿ ಅಥವಾ ಪಹಣಿಯಲ್ಲಿ ಬೇರೆ ರೀತಿ ಇದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಬಳಿಕ ಕರಡಿನಲ್ಲಿ ಬರುವ ಒಂದೊಂದು ಹೆಸರನ್ನೂ ಈ ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತ ಬನ್ನಿ. ಬೆರಳು ಇಬ್ಬರ ಮೇಲೆ ಬಿದ್ದರೆ ಅಥವಾ ಯಾರ ಮೇಲೂ ಬೀಳದಿದ್ದರೆ ಅಲ್ಲಿ ಪ್ರಶ್ನೆ ಹಾಕಿ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ವಾಡಿಕೆಯಿರುವುದರಿಂದ, ಮಗನ ಮನೆಯಲ್ಲೊಬ್ಬ ವೆಂಕಟೇಶ, ಮಗಳ ಮನೆಯಲ್ಲೊಬ್ಬ ವೆಂಕಟೇಶ ಇರುವುದು ತೀರ ಸಾಮಾನ್ಯ. ‘ನನ್ನ ಮೊಮ್ಮಗ ವೆಂಕಟೇಶನಿಗೆ’ ಎಂಬ ವಾಕ್ಯದಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ, ಆದರೂ ಅದು ಮನೆಯನ್ನು ಒಡೆಯಬಲ್ಲ ವಾಕ್ಯ. ‘ನನ್ನ ಹಿರಿಯ ಮಗಳು ಸರೋಜಮ್ಮನವರ ಮಗನಾದ, 1998ರಲ್ಲಿ ಜನಿಸಿದ ವೆಂಕಟೇಶ’ ಎಂದು ಬರೆದರೆ ಬೆರಳು ಒಬ್ಬನ ಮೇಲೆಯೇ ನಿಲ್ಲುತ್ತದೆ. ಮನೆಯಲ್ಲಿ ಕರೆಯುವ ಹೆಸರಷ್ಟೇ ಇದ್ದರೆ ದಾಖಲೆಯ ಹೆಸರನ್ನು ಮುಂದಿಟ್ಟು ‘ಉರುಫ್ ಪುಟ್ಟಣ್ಣ’ ಎಂದು ಸೇರಿಸಬೇಕು. ಮದುವೆಯಾದ ಹೆಣ್ಣುಮಕ್ಕಳ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರನ್ನು ಬರೆಯುವುದು ರೂಢಿ. ಅದರ ಜೊತೆಗೆ ತಂದೆಯ ಹೆಸರೂ ಇರಲಿ, ಏಕೆಂದರೆ ಮದುವೆಗೆ ಮುಂಚಿನ ದಾಖಲೆಗಳೆಲ್ಲ ತಂದೆಯ ಹೆಸರಿನಲ್ಲಿಯೇ ಇರುತ್ತವೆ.

ಹೆಸರಿನ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಧಿನಿಯಮವೇ ಎರಡು ಉದಾಹರಣೆ ಕೊಟ್ಟಿದೆ. ಒಬ್ಬನಿಗೆ ಮೇರಿ ಎಂಬ ಹೆಸರಿನ ಇಬ್ಬರು ದಾಯಾದಿ ಸಹೋದರಿಯರಿದ್ದು, ಅವನು ಬರಿದೆ ‘ನನ್ನ ದಾಯಾದಿ ಸಹೋದರಿ ಮೇರಿಗೆ’ ಎಂದು ಬರೆದಿಟ್ಟರೆ, ಯಾವ ಮೇರಿ ಎಂದು ಹೊರಗಿನ ಸಾಕ್ಷ್ಯದಿಂದ ತೋರಿಸಲು 80ನೇ ಕಲಂ ಅವಕಾಶ ಕೊಡುತ್ತದೆ. ಇನ್ನೊಬ್ಬನು ‘ಅತ್ತೆ ಕ್ಯಾರೊಲಿನ್’ಗೆ ಒಂದಿಷ್ಟು, ‘ದಾಯಾದಿ ಸಹೋದರಿ ಮೇರಿ’ಗೆ ಒಂದಿಷ್ಟು ಬರೆದು, ಮುಂದೆ ‘ಮೇಲೆ ಹೇಳಿದ ನನ್ನ ಅತ್ತೆ ಮೇರಿ’ಗೆ ಎರಡು ಸಾವಿರ ರೂಪಾಯಿ ಎಂದು ಬರೆದರೆ, ಅಂಥವಳು ಯಾರೂ ಇಲ್ಲ. ಯಾರನ್ನು ಉದ್ದೇಶಿಸಿದ್ದ ಎಂದು ಸಾಕ್ಷ್ಯ ಕೊಡಲು 81ನೇ ಕಲಂ ಬಿಡುವುದಿಲ್ಲ, ಆ ಎರಡು ಸಾವಿರ ಯಾರಿಗೂ ಸಿಗುವುದಿಲ್ಲ. ನಮ್ಮ ದಸ್ತಾವೇಜುಗಳಲ್ಲಿ ಈ ‘ಮೇಲೆ ಹೇಳಿದ’ ಎಂಬುದರ ಸ್ಥಾನದಲ್ಲಿ ‘ಸದರಿ’, ‘ಮೇಲ್ಕಂಡ’ ಎಂಬ ಪದಗಳು ಕೂತಿರುತ್ತವೆ. ‘ಸದರಿಯವರು’ ಎಂದು ಕಂಡಲ್ಲೆಲ್ಲ ಪೂರ್ಣ ಹೆಸರನ್ನು ಬರೆಯಲು ಕೇಳಿ. ಪುಟ ಉದ್ದವಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಸಂಬಂಧದ ಪದಗಳು ಹೆಸರಿಗಿಂತ ಹೆಚ್ಚು ಮೋಸ ಮಾಡುತ್ತವೆ, ಏಕೆಂದರೆ ಅವು ನಮಗೆ ತೀರ ಪರಿಚಿತ. ‘ಅಳಿಯ’ ಎಂದರೆ ಮಗಳ ಗಂಡ, ಅಕ್ಕತಂಗಿಯರ ಮಗನೂ ಅಳಿಯನೇ. ಕರಾವಳಿಯ ಅಳಿಯಸಂತಾನವೆಂಬ ಹೆಸರು ಈ ಎರಡನೆಯ ಅರ್ಥದಿಂದಲೇ ಬಂದದ್ದು. ‘ಸೊಸೆ’ಯದೂ ಇದೇ ಕಥೆ: ಮಗನ ಹೆಂಡತಿಯನ್ನೂ ಸೋದರ ಸೊಸೆಯನ್ನೂ ಮನೆಯಲ್ಲಿ ಒಂದೇ ಪದದಿಂದ ಕರೆಯುತ್ತೇವೆ. ದೊಡ್ಡಪ್ಪನ ಮಗ ‘ಅಣ್ಣ’, ತಮ್ಮನ ಮಗನೂ ‘ನನ್ನ ಮಗ’. ಸಾಕಿದ ಹುಡುಗನನ್ನು ಪ್ರೀತಿಯಿಂದ ‘ಮಗ’ ಎಂದು ಬರೆಸುವವರೂ ಇದ್ದಾರೆ. ದತ್ತಕವೇ ಆಗಿಲ್ಲದಿದ್ದರೆ ಆ ಒಂದು ಪದವನ್ನು ಹಿಡಿದು ಅವನ ಭಾಗಕ್ಕೇ ತಕರಾರು ಎತ್ತಲು ದಾರಿಯಾಗುತ್ತದೆ. ಇವಕ್ಕೆಲ್ಲ ನಾನು ಸೂಚಿಸುತ್ತಿದ್ದ ಪರಿಹಾರ ಒಂದೇ. ಸಂಬಂಧವನ್ನು ಒಂದು ಪದದಲ್ಲಿ ಹೇಳದೆ ದಾರಿಯಾಗಿ ಬಿಡಿಸಿ ಬರೆಯಬೇಕು: ‘ನನ್ನ ಅಳಿಯ ರವಿ’ ಅಲ್ಲ, ‘ನನ್ನ ತಂಗಿ ಕಮಲಮ್ಮನವರ ಮಗ ರವಿ’. ‘ಮೊಮ್ಮಕ್ಕಳಿಗೆ’ ಎಂದಿದ್ದಲ್ಲಿ ಮಗಳ ಮಕ್ಕಳೂ ಸೇರಿದರೇ, ಇನ್ನು ಮುಂದೆ ಹುಟ್ಟುವವರೂ ಸೇರಿದರೇ ಎಂದು ತಂದೆಯವರನ್ನು ಕೇಳಿ. ಈಗ ಇರುವವರಿಗೆ ಮಾತ್ರ ಎಂದರೆ ಅವರೆಲ್ಲರ ಹೆಸರನ್ನೂ ಬರೆಯುವುದೇ ಮೇಲು.

ಮೂರನೆಯ ಸಲ ಓದುವಾಗ ಹೆಸರುಗಳನ್ನು ಬಿಟ್ಟು ವಾಕ್ಯದ ಕೀಲುಗಳನ್ನು ನೋಡಿ. ‘ನನ್ನ ತಮ್ಮನ ಮಗ ಮತ್ತು ಮಗಳಿಗೆ’ ಎಂದರೆ ಆ ಮಗಳು ಯಾರ ಮಗಳು? ತಮ್ಮನ ಮಗಳೂ ಆಗಬಹುದು, ಬರೆಸಿದವರ ಮಗಳೂ ಆಗಬಹುದು. ‘ತುಮಕೂರಿನಲ್ಲಿರುವ ನನ್ನ ಮಗನ ಸ್ವಾಧೀನದಲ್ಲಿರುವ ಮನೆ’ ಎಂದರೆ ತುಮಕೂರಿನಲ್ಲಿರುವುದು ಮಗನೋ ಮನೆಯೋ? ನಮ್ಮ ಭಾಷೆಗೇ ವಿಶೇಷವಾದ ತೊಡಕೆಂದರೆ ಗೌರವದ ಬಹುವಚನ. ‘ನನ್ನ ಪತ್ನಿಯವರು ನನ್ನ ತಾಯಿಯವರೊಂದಿಗೆ ಸದರಿ ಮನೆಯಲ್ಲಿ ವಾಸವಿರತಕ್ಕದ್ದು, ಅವರ ಕಾಲಾನಂತರ ಮನೆಯು ನನ್ನ ಮಗನಿಗೆ ಸೇರತಕ್ಕದ್ದು’ ಎಂಬ ವಾಕ್ಯವನ್ನು ನಾನು ಕಂಡಿದ್ದೇನೆ. ‘ಅವರ’ ಎಂದರೆ ಪತ್ನಿಯವರ ಕಾಲಾನಂತರವೇ, ತಾಯಿಯವರ ಕಾಲಾನಂತರವೇ, ಇಬ್ಬರದೂ ಆದ ಮೇಲೆಯೇ? ಗೌರವಕ್ಕೆ ಬಳಸಿದ ‘ಅವರು’ ಇಲ್ಲಿ ಮೂರು ಅರ್ಥ ಕೊಡುತ್ತದೆ. ಇಬ್ಬರ ಹೆಸರನ್ನೂ ಬರೆದು ‘ಇವರಿಬ್ಬರಲ್ಲಿ ಕೊನೆಯವರು ಮರಣ ಹೊಂದಿದ ನಂತರ’ ಎಂದು ತಿದ್ದಿಸಿದ ಮೇಲೆ ಆ ವಾಕ್ಯ ನೆಟ್ಟಗಾಯಿತು.

ಕರಡಿನಲ್ಲಿ ‘ಸಮಭಾಗ’ ಎಂಬ ಪದ ಇದ್ದರೆ ಅಲ್ಲಿ ನಿಂತು ಲೆಕ್ಕ ಹಾಕಿ. ಒಂದು ಕರಡಿನಲ್ಲಿ ಹೀಗಿತ್ತು, ಹೆಸರು ಬದಲಿಸಿ ಹೇಳುತ್ತೇನೆ: ‘ಮೂರು ಎಕರೆ ಜಮೀನು ನನ್ನ ಮಗಳು ಜಯಲಕ್ಷ್ಮಿಗೂ ನನ್ನ ದಿವಂಗತ ಮಗ ನಾಗರಾಜನ ಮಕ್ಕಳಿಗೂ ಸಮಭಾಗವಾಗಿ ಸೇರತಕ್ಕದ್ದು.’ ನಾಗರಾಜನಿಗೆ ಮೂವರು ಮಕ್ಕಳು. ಮೂರು ಎಕರೆ ಎಂದರೆ 120 ಗುಂಟೆ. ಮಗಳಿಗೊಂದು ಭಾಗ, ಮಗನ ಶಾಖೆಗೊಂದು ಭಾಗ ಎಂದು ಓದಿದರೆ ಜಯಲಕ್ಷ್ಮಿಗೆ 60 ಗುಂಟೆ, ಮಕ್ಕಳಿಗೆ ತಲಾ 20. ನಾಲ್ವರೂ ಸಮಾನರು ಎಂದು ಓದಿದರೆ ಎಲ್ಲರಿಗೂ ತಲಾ 30. ವಾಕ್ಯ ಎರಡಕ್ಕೂ ಒಪ್ಪುತ್ತದೆ. ಜಯಲಕ್ಷ್ಮಿಯ ಪಾಲಿನಲ್ಲಿ 30 ಗುಂಟೆಯ ವ್ಯತ್ಯಾಸ. ಹಿರಿಯರನ್ನು ಕೇಳಿದಾಗ ಅವರು ಕ್ಷಣವೂ ಯೋಚಿಸದೆ ‘ಅರ್ಧ ಅವಳಿಗೆ, ಅರ್ಧ ಆ ಮಕ್ಕಳಿಗೆ’ ಎಂದರು. ಅವರ ಮನಸ್ಸಿನಲ್ಲಿ ಗೊಂದಲವೇ ಇರಲಿಲ್ಲ, ಅದಕ್ಕಾಗಿಯೇ ಕರಡಿನಲ್ಲಿದ್ದ ಗೊಂದಲ ಅವರ ಕಣ್ಣಿಗೆ ಬಿದ್ದಿರಲಿಲ್ಲ. ತಿದ್ದಿದ ವಾಕ್ಯದಲ್ಲಿ ‘ಅರ್ಧಭಾಗವಾದ 60 ಗುಂಟೆ ಜಯಲಕ್ಷ್ಮಿಗೆ, ಉಳಿದ ಅರ್ಧಭಾಗವಾದ 60 ಗುಂಟೆ ನಾಗರಾಜನ ಮೂವರು ಮಕ್ಕಳಿಗೆ ತಲಾ 20 ಗುಂಟೆಯಂತೆ’ ಎಂದು ಬಂತು, ಮೂವರ ಹೆಸರೂ ಸೇರಿತು. ಯಾರಿಗೆ ಯಾವ ದಿಕ್ಕಿನ ಭಾಗ ಎಂಬುದಕ್ಕೆ ಪ್ರತ್ಯೇಕ ಚಕ್ಕುಬಂದಿಯನ್ನೂ ಬರೆಸಲಾಯಿತು.

ನಿಮ್ಮ ತಾಯಿಯವರ ಕುರಿತ ವಾಕ್ಯವನ್ನು ವಿಶೇಷವಾಗಿ ಗಮನಿಸಿ. ‘ನನ್ನ ಪತ್ನಿಯು ಸರ್ವ ಹಕ್ಕುಗಳೊಂದಿಗೆ ಅನುಭವಿಸಿಕೊಂಡು ಬಂದು, ಆಕೆಯ ನಂತರ ಮಗನಿಗೆ ಸೇರತಕ್ಕದ್ದು’ ಎಂಬ ಮಾದರಿಯ ವಾಕ್ಯ ಬಹಳ ಕರಡುಗಳಲ್ಲಿ ಬರುತ್ತದೆ. ಸರ್ವ ಹಕ್ಕೂ ಇದ್ದರೆ ಆಕೆ ಮಾರಬಹುದು, ಮಾರಿದ ಮೇಲೆ ಮಗನಿಗೆ ಸೇರುವುದಕ್ಕೆ ಏನೂ ಉಳಿಯುವುದಿಲ್ಲ. ತಂದೆಯವರಿಗೆ ಬೇಕಾದದ್ದು ಪೂರ್ಣ ಹಕ್ಕೋ, ‘ಜೀವಿತಾವಧಿಯವರೆಗೆ ಅನುಭವಿಸುವ ಹಕ್ಕು ಮಾತ್ರ, ಪರಭಾರೆ ಮಾಡುವ ಹಕ್ಕಿಲ್ಲ’ ಎಂಬುದೋ ಎಂದು ಕೇಳಿ ಒಂದನ್ನೇ ಉಳಿಸಬೇಕು. ಪತ್ನಿಗೆ ಕೊಡುವ ಇಂತಹ ಸೀಮಿತ ಹಕ್ಕು ನ್ಯಾಯಾಲಯದಲ್ಲಿ ಹೇಗೆ ನಿಲ್ಲುತ್ತದೆ ಎಂಬುದು ವಾಕ್ಯಶುದ್ಧಿಯ ಮಾತಲ್ಲ, ಅದನ್ನು ವಕೀಲರೇ ಹೇಳಬೇಕು.

ಕೊನೆಗೆ, ನಿಮ್ಮ ಮನೆಯವರನ್ನು ಅರಿಯದ ಒಬ್ಬ ನಂಬಿಕಸ್ತರ ಕೈಗೆ, ತಂದೆಯವರ ಒಪ್ಪಿಗೆ ಪಡೆದು, ತಿದ್ದಿದ ಕರಡನ್ನು ಕೊಟ್ಟು, ಯಾರಿಗೆ ಎಷ್ಟು ಸೇರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿ. ಅವರಿಗೆ ವಂಶವೃಕ್ಷದ ಹಾಳೆಯನ್ನು ತೋರಿಸಬೇಡಿ. ಅವರು ಬರೆದದ್ದನ್ನು ತಂದೆಯವರಿಗೆ ಓದಿ ಹೇಳಿ, ಅವರು ‘ಹೌದು, ಇದೇ’ ಎಂದರೆ ಮಾತ್ರ ವಕೀಲರಿಂದ ಹೊಸ ಪ್ರತಿಯನ್ನು ತೆಗೆಸಿ. ಸಹಿಯ ದಿನ ಹಳೆಯ ಕರಡಿನ ಪುಟವೊಂದು ಹೊಸ ಪ್ರತಿಯೊಳಗೆ ಸೇರಿಕೊಂಡದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಆದ್ದರಿಂದ ಹಳೆಯ ಕರಡುಗಳನ್ನೆಲ್ಲ ಬದಿಗಿಟ್ಟು, ನಾಲ್ಕೂ ಪುಟಗಳನ್ನು ಸಾಕ್ಷಿಗಳು ಬರುವ ಮುಂಚೆ ಇನ್ನೊಮ್ಮೆ ಮೊದಲ ಸಾಲಿನಿಂದ ಓದಿಬಿಡಿ.